ನೆನಪಿಲ್ಲದ ನೀರು

ಮುಂಗಾರು ಹಿಡಿಯಿತೆಂದರೆ ಬೆಳಗೊಳದ ಚಹಾ ಅಂಗಡಿಗಳಲ್ಲಿ ಕೇಳುವ ಮೊದಲ ಪ್ರಶ್ನೆ "ಕಟ್ಟೆ ಎಷ್ಟಾಯ್ತು?" ಎಂಬುದು. ಯಾವ ಕಟ್ಟೆ ಎಂದು ಯಾರೂ ಬಿಡಿಸಿ ಹೇಳುವುದಿಲ್ಲ. ಕೃಷ್ಣರಾಜಸಾಗರದ ಗರಿಷ್ಠ ಮಟ್ಟ 124.80 ಅಡಿ ಎಂಬುದು ಶ್ರೀರಂಗಪಟ್ಟಣ, ಪಾಂಡವಪುರದ ಕಡೆಯ ಮಕ್ಕಳಿಗೂ ದಶಾಂಶ ಸಮೇತ ಬಾಯಿಪಾಠ. ಭತ್ತಕ್ಕೆ ನೀರು ಸಿಗುತ್ತದೋ ಇಲ್ಲವೋ, ಕಬ್ಬು ಒಣಗುತ್ತದೋ ಉಳಿಯುತ್ತದೋ ಎಂಬುದೆಲ್ಲ ಆ ಒಂದು ಅಂಕಿಯಲ್ಲಿದೆ.

ಆ ಅಂಕಿಯನ್ನು ಚಲಿಸುವ ಚಿತ್ರ ಮಾಡುವ ಕೆಲಸ ಒಂದು ಮಳೆಗಾಲದಲ್ಲಿ ನನ್ನ ಪಾಲಿಗೆ ಬಂತು. ಸಣ್ಣದೊಂದು ವಿಡಿಯೊ ಬಳಗಕ್ಕೆ ದಿನಾ ಅರ್ಧ ನಿಮಿಷದ ತುಣುಕು: ಅಣೆಕಟ್ಟೆಯ ಅಡ್ಡ ಸೀಳುನೋಟ, ಅದರಲ್ಲಿ ಏರುವ ನೀರು, ಪಕ್ಕದಲ್ಲಿ ಓಡುವ ಅಂಕಿ, ನೀರಿನ ಮೇಲೆ ತೇಲುವ ಮೂರು ಹರಿಗೋಲು, ಕೆಳಗೆ ಬೃಂದಾವನದ ಒಂದು ಕಾರಂಜಿ. ಚಿತ್ರದ ತುಂಡುಗಳನ್ನು ಪದರ ಪದರವಾಗಿ ಜೋಡಿಸಿ ಚಲನೆ ಕೊಡುವ ಆಫ್ಟರ್ ಎಫೆಕ್ಟ್ಸ್ ತಂತ್ರಾಂಶದಲ್ಲಿ ಮೊದಲ ವಾರ ಎಲ್ಲವನ್ನೂ ಕೈಯಿಂದಲೇ ಮಾಡಿದೆ. ನೀರಿನ ಪದರಕ್ಕೆ ಇಲ್ಲೊಂದು ಕೀಫ್ರೇಮ್, ಅಲ್ಲೊಂದು ಕೀಫ್ರೇಮ್, ಅಂಕಿ ಬೇರೆ, ಹರಿಗೋಲು ಬೇರೆ. ಎಂಟನೇ ದಿನ ಅಂಕಿ ಬದಲಿಸಿ ನೀರನ್ನು ಮರೆತೆ. ಪರದೆಯ ಮೇಲೆ ಅಕ್ಷರ ಇಂದಿನದು, ನೀರು ನಿನ್ನೆಯದು. ಮೊದಲು ಫೋನು ಮಾಡಿದವರು ನಮ್ಮ ಚಿಕ್ಕಪ್ಪ. ನಾಲೆಯಲ್ಲಿ ನೀರುಗಂಟಿಯಾಗಿದ್ದವರು. "ಏನ್ಲಾ, ಅಂಕಿ ಮೇಲಕ್ಕೆ ಹೋಗ್ತದೆ, ನೀರು ಅಲ್ಲೇ ನಿಂತದೆ" ಎಂದರು.

ಅವರ ಕಟ್ಟೆಯಲ್ಲಿ ಇಂಥ ತಪ್ಪು ಆಗದಂತೆ ನೋಡಿಕೊಳ್ಳುವ ಉಪಾಯವೊಂದು ನೂರು ವರ್ಷಕ್ಕೂ ಹಳೆಯದು. ವಿಶ್ವೇಶ್ವರಯ್ಯನವರು ರೂಪಿಸಿದ ಸ್ವಯಂಚಾಲಿತ ಗೇಟುಗಳನ್ನು ಮೊದಲು 1903ರಲ್ಲಿ ಪುಣೆ ಹತ್ತಿರದ ಖಡಕ್‌ವಾಸ್ಲಾದಲ್ಲಿ ಕೂರಿಸಿದರು; ಆಮೇಲೆ ಅದು ಕನ್ನಂಬಾಡಿಗೂ ಬಂತು. ನೀರು ಗೊತ್ತಾದ ಮಟ್ಟ ಮೀರಿದರೆ ಗೇಟು ತಾನೇ ಮೇಲೇಳುತ್ತದೆ, ಇಳಿದರೆ ತಾನೇ ಕೂರುತ್ತದೆ. ಗೇಟು ಎಲ್ಲಿರಬೇಕೆಂದು ನಿಂತು ಹೇಳುವ ಮನುಷ್ಯ ಬೇಡ. ಮಟ್ಟಕ್ಕೂ ಗೇಟಿಗೂ ನಡುವಿನ ಸಂಬಂಧವನ್ನು ಒಮ್ಮೆ ಕಟ್ಟಿಟ್ಟರೆ ಸಾಕು. ಎಕ್ಸ್‌ಪ್ರೆಶನ್ ಎಂದರೆ ಅದೇ. "ನೀರಿನ ಪದರ ಇಲ್ಲಿರಲಿ" ಎಂದು ಹೇಳುವ ಬದಲು "ಮಟ್ಟ ಇಷ್ಟಾದರೆ ನೀರಿನ ಪದರ ಇಲ್ಲಿರಲಿ" ಎಂದು ಒಂದೆರಡು ಸಾಲು ಜಾವಾಸ್ಕ್ರಿಪ್ಟಿನಲ್ಲಿ ಬರೆದಿಡುವುದು. ಆಫ್ಟರ್ ಎಫೆಕ್ಟ್ಸ್‌ಗೆ ಈ ಸೌಲಭ್ಯ 2001ರ ಐದನೇ ಆವೃತ್ತಿಯಲ್ಲಿ ಬಂತು. ಕನ್ನಡದಲ್ಲಿ ಸೂತ್ರ ಎಂಬ ಒಂದೇ ಪದ ಗಣಿತದ ನಿಯಮಕ್ಕೂ ಗೊಂಬೆ ಆಡಿಸುವ ದಾರಕ್ಕೂ ಸಲ್ಲುತ್ತದೆ. ಎಕ್ಸ್‌ಪ್ರೆಶನ್‌ಗೆ ಇದಕ್ಕಿಂತ ಒಪ್ಪುವ ಪದ ನನಗೆ ಹೊಳೆದಿಲ್ಲ.

ಆ ರಾತ್ರಿಯೇ ಹೊಸದಾಗಿ ಕಟ್ಟಿದೆ. ಪರದೆಯಲ್ಲಿ ಕಾಣದ ಖಾಲಿ ಪದರವೊಂದನ್ನು ತೆಗೆದುಕೊಂಡು ಅದಕ್ಕೆ `KRS` ಎಂದು ಹೆಸರಿಟ್ಟು, ಅದರ ಮೇಲೆ `Slider Control` ಹಾಕಿ `Matta` ಎಂದು ಕರೆದೆ. ದಿನಕ್ಕೊಮ್ಮೆ ಮುಟ್ಟಬೇಕಾದದ್ದು ಇದೊಂದನ್ನೇ. ಚಿತ್ರದಲ್ಲಿ ಒಂದು ಅಡಿಗೆ ಹತ್ತು ಪಿಕ್ಸೆಲ್ ಎಂದು ಲೆಕ್ಕ ಇಟ್ಟುಕೊಂಡೆ. 74.8 ಅಡಿಯಿಂದ 124.8 ಅಡಿಯವರೆಗಿನ ಐವತ್ತು ಅಡಿ ತೋರಿಸಿದರೆ ಐನೂರು ಪಿಕ್ಸೆಲ್. ಈ ತಂತ್ರಾಂಶದಲ್ಲಿ ಎತ್ತರವನ್ನು ಮೇಲಿನಿಂದ ಕೆಳಕ್ಕೆ ಎಣಿಸುವುದರಿಂದ ನೀರಿನ ಮೇಲ್ಮೈ ತಳಮಟ್ಟದಲ್ಲಿ 850ರಲ್ಲೂ ತುಂಬಿದಾಗ 350ರಲ್ಲೂ ಇರಬೇಕು. ಆಲ್ಟ್ ಕೀಲಿ ಒತ್ತಿಕೊಂಡು ನೀರಿನ ಪದರದ `Position` ಪಕ್ಕದ ಗಡಿಯಾರದ ಗುರುತನ್ನು ಒತ್ತಿದರೆ ಬರೆಯುವ ಜಾಗ ತೆರೆಯುತ್ತದೆ:

```
m = thisComp.layer("KRS").effect("Matta")("Slider");
y = linear(m, 74.8, 124.8, 850, 350);
[value[0], y]
```

ಮೊದಲ ಸಾಲು ಮಟ್ಟವನ್ನು ಕೇಳಿ ತರುತ್ತದೆ. ಎರಡನೆಯದು ಅಡಿಯನ್ನು ಪಿಕ್ಸೆಲ್ ಮಾಡುತ್ತದೆ: ಮಟ್ಟ 100 ಅಡಿಯಾದರೆ ತಳದಿಂದ 25.2 ಅಡಿ, ಎಂದರೆ 252 ಪಿಕ್ಸೆಲ್ ಮೇಲೆ, 598ರಲ್ಲಿ ನೀರು. ಮೂರನೆಯದು ಅಡ್ಡ ಸ್ಥಾನವನ್ನು ಇದ್ದ ಹಾಗೆ ಬಿಟ್ಟು ಎತ್ತರವನ್ನಷ್ಟೇ ಬದಲಿಸುತ್ತದೆ. ಬರೆದು ಮುಗಿಸಿದಾಗ ಸ್ಥಾನದ ಅಂಕಿ ಕೆಂಪಾಯಿತು. ಕೆಂಪಾದ ಅಂಕಿ ಸೂತ್ರದ ಹಿಡಿತದಲ್ಲಿದೆ ಎಂದರ್ಥ. ಪಕ್ಕದ ಅಕ್ಷರದ ಪದರಕ್ಕೆ ಇನ್ನೂ ಚಿಕ್ಕದು:

```
thisComp.layer("KRS").effect("Matta")("Slider").value.toFixed(2)
```

`toFixed(2)` ಇಲ್ಲದಿದ್ದರೆ 124.80 ಎಂಬುದು 124.8 ಎಂದು ಬರುತ್ತದೆ. ಗಣಿತಕ್ಕೆ ಎರಡೂ ಒಂದೇ; ನಮ್ಮ ಊರಿನ ಕಣ್ಣಿಗೆ ಅಲ್ಲ. "ಅಡಿ" ಎಂಬ ಪದವನ್ನು ಸೂತ್ರಕ್ಕೆ ಸೇರಿಸದೆ ಬೇರೆ ಪದರದಲ್ಲಿ ಇಟ್ಟೆ. ನಮ್ಮ ಕಡೆಯ ಸ್ಟುಡಿಯೊಗಳಲ್ಲಿ ಹಳೆಯ ನುಡಿ ಅಕ್ಷರಗಳು ಇನ್ನೂ ಓಡಾಡುತ್ತವೆ, ಯೂನಿಕೋಡ್‌ನಲ್ಲಿ ಬರೆದ ಕನ್ನಡ ಅವುಗಳಲ್ಲಿ ಸರಿಯಾಗಿ ಮೂಡುವುದಿಲ್ಲ.

`linear` ಎಂಬುದು ಎರಡೂ ತುದಿಯಲ್ಲಿ ಗೋಡೆ ಕಟ್ಟಿಕೊಂಡಿರುತ್ತದೆ. ಮಟ್ಟಕ್ಕೆ 130 ಎಂದು ಕೊಟ್ಟರೂ ನೀರು 350 ದಾಟುವುದಿಲ್ಲ. ಅಣೆಕಟ್ಟೆಗೆ ಇದು ಒಪ್ಪುವ ಗುಣವೇ. ಆದರೆ ಬೆರಳು ತಪ್ಪಿ 1124.8 ಎಂದು ಒತ್ತಿದರೂ ಚಿತ್ರ ಸಹಜವಾಗಿಯೇ ಕಾಣುತ್ತದೆ. ತಪ್ಪು ಸಿಕ್ಕಿಬೀಳುವುದು ಅಂಕಿಯಲ್ಲಿ ಮಾತ್ರ.

ಇದಕ್ಕಿಂತ ದೊಡ್ಡ ತಪ್ಪನ್ನು ನಾನು ಮರುದಿನ ಮಾಡಿದೆ. ಅದೇ ಮಟ್ಟಕ್ಕೆ ಒಂದು ಪಟ್ಟಿಯನ್ನೂ ಕಟ್ಟಿ "ಶೇಕಡಾ ಇಷ್ಟು ತುಂಬಿದೆ" ಎಂದು ತೋರಿಸಿದೆ. ಸೂತ್ರದಲ್ಲಿ ದೋಷವಿರಲಿಲ್ಲ, ಲೆಕ್ಕ ಸುಳ್ಳಾಗಿತ್ತು. ಕಣಿವೆ ತಳದಲ್ಲಿ ಕಿರಿದು, ಮೇಲೆ ಅಗಲ. ಆದ್ದರಿಂದ ಮೇಲಿನ ಒಂದು ಅಡಿಯಲ್ಲಿ ಹಿಡಿಯುವ ನೀರು ಕೆಳಗಿನ ಒಂದು ಅಡಿಯದಕ್ಕಿಂತ ಬಹಳ ಹೆಚ್ಚು. ಕಟ್ಟೆ ತುಂಬಿದಾಗ 49.45 ಟಿಎಂಸಿ, ಮಟ್ಟ 100 ಅಡಿ ಇದ್ದಾಗ ಎತ್ತರದಲ್ಲಿ ಐದರಲ್ಲಿ ನಾಲ್ಕು ಪಾಲು ಮುಟ್ಟಿದಂತೆ ಕಂಡರೂ ನೀರು ಅದರ ಅರ್ಧದಷ್ಟೂ ಇರುವುದಿಲ್ಲ. ಪತ್ರಿಕೆಗಳಲ್ಲಿ ಮಟ್ಟ ಮತ್ತು ಸಂಗ್ರಹ ಎರಡನ್ನೂ ಬೇರೆ ಬೇರೆ ಕೊಡುವುದು ಇದಕ್ಕಾಗಿಯೇ. ಪಟ್ಟಿಗೆ ಸಂಗ್ರಹದ್ದೇ ಇನ್ನೊಂದು ಸ್ಲೈಡರ್ ಮಾಡಿದೆ. ಎರಡು ಸಂಗತಿಗಳು ಒಟ್ಟಿಗೆ ಏರುತ್ತವೆ ಎಂಬ ಒಂದೇ ಕಾರಣಕ್ಕೆ ಒಂದೇ ದಾರಕ್ಕೆ ಕಟ್ಟಬಾರದು.

ಇನ್ನು ಅಲೆ. ನಿಂತ ನೀರಿನ ಗೆರೆ ಚಿತ್ರದಲ್ಲಿ ಗಾಜಿನಂತೆ ಸತ್ತು ಕಾಣುತ್ತದೆ, ಸ್ವಲ್ಪ ಮಿಡಿಯಬೇಕು. ಅದಕ್ಕೆ ಇರುವುದು `wiggle`, ವಿಗಲ್. `wiggle(0.5, 6)` ಎಂದರೆ ಸೆಕೆಂಡಿಗೆ ಅರ್ಧ ಸಲದಂತೆ, ಆಚೀಚೆ ಸುಮಾರು ಆರು ಪಿಕ್ಸೆಲ್ ತೂಗಾಡಲಿ ಎಂದು. ನೋಡಿದರೆ ಯದ್ವಾತದ್ವಾ ಅನ್ನಿಸುತ್ತದೆ. ಆದರೆ ಇವತ್ತು ಮೂರನೇ ಸೆಕೆಂಡಿನಲ್ಲಿ ಅಲೆ ಎಲ್ಲಿತ್ತೋ ನಾಳೆಯೂ ಅದೇ ಸೆಕೆಂಡಿನಲ್ಲಿ ಅಲ್ಲೇ ಇರುತ್ತದೆ. ಹಾಗಿರದಿದ್ದರೆ ತುಣುಕನ್ನು ಎರಡು ಸಲ ತೆಗೆದಾಗ ಎರಡು ಬೇರೆ ಚಿತ್ರಗಳು ಬರುತ್ತಿದ್ದವು.

ಇದರ ಹಿಂದಿರುವುದು ಕೆನ್ ಪರ್ಲಿನ್ ಎಂಬ ಅಮೆರಿಕದ ಗಣಕ ವಿಜ್ಞಾನಿಯ ಹೆಸರಿನ ಯೋಚನೆ. 1982ರ ಟ್ರಾನ್ ಸಿನಿಮಾದಲ್ಲಿ ಕೆಲಸ ಮಾಡಿದ ಪರ್ಲಿನ್, ಗಣಕದ ಚಿತ್ರಗಳು ತೀರಾ ನುಣುಪಾಗಿ ಯಂತ್ರದಂತೆ ಕಾಣುವುದು ಹಿಡಿಸದೆ ಹೊಸದೊಂದು ವಿಧಾನ ಕಂಡುಹಿಡಿದು 1985ರಲ್ಲಿ ಪ್ರಬಂಧವಾಗಿ ಪ್ರಕಟಿಸಿದರು. ಅದಕ್ಕೆ 1997ರಲ್ಲಿ ಆಸ್ಕರ್ ಅಕಾಡೆಮಿಯ ತಾಂತ್ರಿಕ ಪ್ರಶಸ್ತಿ ಬಂತು. ಸರಳ ಮಾಡಿ ಹೇಳುವುದಾದರೆ, ಬಯಲಿನಲ್ಲಿ ಸಮ ಅಂತರದಲ್ಲಿ ಗೂಟ ನೆಟ್ಟಂತೆ. ಒಂದೊಂದು ಗೂಟದ ಎತ್ತರ ಒಂದೊಂದು ತೆರ, ಅದರಲ್ಲಿ ಲೆಕ್ಕಾಚಾರವಿಲ್ಲ. ಆದರೆ ಗೂಟದಿಂದ ಗೂಟಕ್ಕೆ ಹಗ್ಗವನ್ನು ನಯವಾಗಿ ಬಾಗಿಸಿ ಎಳೆದಿದೆ. ಹತ್ತಿರದ ಎರಡು ಜಾಗಗಳಲ್ಲಿ ಹಗ್ಗದ ಎತ್ತರವೂ ಹತ್ತಿರ ಹತ್ತಿರ, ದೂರದವಕ್ಕೆ ಸಂಬಂಧವಿಲ್ಲ. ಗಾಳಿಗೆ ತೂಗುವ ತೆಂಗಿನ ಗರಿ, ನೀರಿನ ಮೇಲಿನ ಹರಿಗೋಲು ಹೀಗೇ ಆಡುತ್ತವೆ. ವಿಗಲ್ ಇಂಥ ಹಗ್ಗದ ಮೇಲೆ ಈಗ ಎಷ್ಟು ಸಮಯವಾಗಿದೆಯೋ ಅಷ್ಟು ದೂರ ನಡೆದು, ಅಲ್ಲಿನ ಎತ್ತರವನ್ನು ಓದಿ ಹೇಳುತ್ತದೆ.

ಪ್ರತಿ ಪದರಕ್ಕೂ ಬೇರೆ ಹಗ್ಗ. ಒಂದು ಹರಿಗೋಲನ್ನು ನಕಲು ಮಾಡಿ ಮೂರಾಗಿಸಿದರೆ ಮೂರೂ ಬೇರೆ ಬೇರೆ ಕುಣಿಯುತ್ತವೆ, ಹಾಗೇ ಇರಬೇಕಾದದ್ದು. ಆದರೆ ನನ್ನ ನೀರು ಹಿಂದೊಂದು ಮುಂದೊಂದು ಎಂದು ಎರಡು ಪದರದಲ್ಲಿತ್ತು, ಎರಡಕ್ಕೂ ಅದೇ ವಿಗಲ್ ಬರೆದರೆ ನಡುವೆ ಬಿರುಕು ಕಾಣಿಸಿತು. ಮೇಲಾಗಿ `Position` ಮೇಲೆ ವಿಗಲ್ ಹಾಕಿದರೆ ನೀರು ಅಡ್ಡಡ್ಡವೂ ಸರಿದು ಪರದೆಯ ಅಂಚಿನಲ್ಲಿ ಖಾಲಿ ಜಾಗ ಇಣುಕುತ್ತದೆ. ಎರಡಕ್ಕೂ ಮದ್ದು ಒಂದೇ: `KRS` ಪದರದಲ್ಲಿ `Ale` ಎಂದು ಇನ್ನೊಂದು ಸ್ಲೈಡರ್ ಇಟ್ಟು ವಿಗಲನ್ನು ಅದರ ಮೇಲೆ ಮಾತ್ರ ಬರೆಯುವುದು, ನೀರಿನ ಎರಡೂ ಪದರಗಳು ತಮ್ಮ ಎತ್ತರಕ್ಕೆ ಆ `Ale`ಯನ್ನು ಕೂಡಿಸಿಕೊಳ್ಳುವುದು.

ಕಾರಂಜಿಯ ಕೆಲಸ ಸುಲಭ. ನೀರ ಕೋಲು ಒಂದು ಸೆಕೆಂಡಿನಲ್ಲಿ ಏರಿ ಇನ್ನೊಂದು ಸೆಕೆಂಡಿನಲ್ಲಿ ಇಳಿಯುವಂತೆ ಮೂರು ಕೀಫ್ರೇಮ್ ಇಟ್ಟು `loopOut("cycle")` ಎಂದು ಬರೆದರೆ ತುಣುಕು ಮುಗಿಯುವವರೆಗೂ ಅದೇ ಎರಡು ಸೆಕೆಂಡು ಮರಳಿ ಮರಳಿ ಬರುತ್ತದೆ. ಮೊದಲ ಮತ್ತು ಕೊನೆಯ ಕೀಫ್ರೇಮಿನ ಬೆಲೆ ಒಂದೇ ಇರಬೇಕು, ಇಲ್ಲದಿದ್ದರೆ ಸುತ್ತಿಗೊಮ್ಮೆ ಜಿಗಿತ.

ಇದೇ ಧೈರ್ಯದಲ್ಲಿ ಅಲೆಯನ್ನೂ ಸುತ್ತಿಸಲು ಹೋಗಿ ಸೋತೆ. ನಾಗಮಂಗಲದ ಕಡೆ ಒಂದು ಗಣೇಶನ ವೇದಿಕೆಯ ಹಿಂದಿನ ದೊಡ್ಡ ಪರದೆಗೆ ನನ್ನ ನೀರಿನ ಹತ್ತು ಸೆಕೆಂಡಿನ ತುಣುಕು ಬೇಕೆಂದರು, ರಾತ್ರಿಯಿಡೀ ಸುತ್ತುತ್ತಿರಲು. ಹತ್ತು ಸೆಕೆಂಡಿಗೊಮ್ಮೆ ನೀರು ಬಿಕ್ಕಳಿಸಿತು. `loopOut` ನೋಡುವುದು ಕೀಫ್ರೇಮುಗಳನ್ನು ಮಾತ್ರ. ಇನ್ನೊಂದು ಸೂತ್ರ ಕೊಟ್ಟ ಫಲ ಅದರ ಕಣ್ಣಿಗೆ ಬೀಳುವುದೇ ಇಲ್ಲ. ವಿಗಲ್‌ಗೆ ಕೀಫ್ರೇಮ್ ಇಲ್ಲ, ಹಾಗಾಗಿ ಸುತ್ತಿಸಲು ಅಲ್ಲಿ ಏನೂ ಇಲ್ಲ. ಈ ಕಗ್ಗಂಟಿಗೆ ಡ್ಯಾನ್ ಎಬರ್ಟ್ಸ್ ಎಂಬ ಹಳೆಯ ಎಕ್ಸ್‌ಪ್ರೆಶನ್ ಗುರು ಕೊಟ್ಟ ಉತ್ತರ ಈ ಕಸುಬಿನವರಿಗೆಲ್ಲ ಗೊತ್ತು:

```
L = 10;
t = time % L;
a = wiggle(0.5, 6, 1, 0.5, t);
b = wiggle(0.5, 6, 1, 0.5, t - L);
linear(t, 0, L, a, b)
```

ವಿಗಲ್‌ಗೆ ಕೊಡುವ ಐದನೇ ಅಂಕಿ, ಹಗ್ಗದ ಮೇಲೆ ಎಲ್ಲಿ ನಿಲ್ಲಬೇಕು ಎಂಬುದು. `a` ಎಂಬಾತ ಸೊನ್ನೆಯಲ್ಲಿ ಹೊರಟು ಹತ್ತರ ಕಡೆ ನಡೆಯುತ್ತಾನೆ. `b` ಎಂಬಾತ ಮೈನಸ್ ಹತ್ತರಲ್ಲಿ ಹೊರಟು ಸೊನ್ನೆಗೆ ಬರುತ್ತಾನೆ. ಶುರುವಿನಲ್ಲಿ ನೀರು ಪೂರ್ತಿ ಮೊದಲನೆಯವನ ಮಾತು ಕೇಳುತ್ತದೆ, ಕೊನೆಯಲ್ಲಿ ಪೂರ್ತಿ ಎರಡನೆಯವನದು. ಎರಡೂ ಗಳಿಗೆಯಲ್ಲಿ ಓದಿದ ಜಾಗ ಸೊನ್ನೆಯೇ ಆದ್ದರಿಂದ ಕೊನೆ ಮೊದಲಿಗೆ ಬಂದು ಕೂಡಿಕೊಳ್ಳುತ್ತದೆ. ಇದಕ್ಕೆ ತೆರುವ ಬೆಲೆಯೂ ಇದೆ. ನಟ್ಟನಡುವೆ ಸಂಬಂಧವಿಲ್ಲದ ಎರಡು ಅಲೆಗಳ ಸರಾಸರಿ ತೆಗೆಯುತ್ತಿರುತ್ತೇವೆ. ಒಂದು ಏರಿದಾಗ ಇನ್ನೊಂದು ಇಳಿದಿರಬಹುದು. ಹಾಗಾಗಿ ಅಲ್ಲಿ ಅಲೆಯ ಬಲ ಸರಾಸರಿಯಲ್ಲಿ ಸುಮಾರು ಶೇ 30ರಷ್ಟು ಕುಗ್ಗುತ್ತದೆ. ಐದನೇ ಸೆಕೆಂಡಿನ ಆಸುಪಾಸು ನೀರು ತುಸು ಮಂಕಾಯಿತು ಅನ್ನಿಸಿದರೆ ಕಾರಣ ಇದು.

ಇಷ್ಟೆಲ್ಲ ಆದಮೇಲೆ ನನಗೆ ಆಸೆ ಹೆಚ್ಚಾಯಿತು. ಒಳಹರಿವು ಏರಿದಂತೆ ಅಲೆಯ ವೇಗವೂ ಏರಲಿ ಎಂದು `Vega` ಎಂಬ ಸ್ಲೈಡರ್ ಮಾಡಿ, ಕೀಫ್ರೇಮ್ ಇಟ್ಟು, ವಿಗಲ್‌ನ ಮೊದಲ ಅಂಕಿಗೆ ಕಟ್ಟಿದೆ. ವೇಗ ಒಂದರಿಂದ ಎರಡಕ್ಕೆ ಮೆಲ್ಲಗೆ ಏರಬೇಕಿತ್ತು. ಏರುವಷ್ಟು ಹೊತ್ತೂ ನೀರು ಹುಚ್ಚು ಹಿಡಿದಂತೆ ಅದುರಿತು. ವೇಗ ಎರಡಕ್ಕೆ ಬಂದು ನಿಂತ ಮೇಲೆ ತಾನೇ ತಣ್ಣಗಾಯಿತು. ಚಿಕ್ಕಪ್ಪನಿಗೆ ತೋರಿಸಿದರೆ "ಇದು ನೀರಲ್ಲ ಕಲಾ, ಆಲೆಮನೆ ಕೊಪ್ಪರಿಗೆ" ಎಂದರು.

ಈ ಅದುರುವಿಕೆ ಎಕ್ಸ್‌ಪ್ರೆಶನ್‌ಗಳ ಮೂಲ ಸ್ವಭಾವವನ್ನೇ ಹೊರಗೆ ಹಾಕುತ್ತದೆ. ಅವಕ್ಕೆ ನೆನಪಿಲ್ಲ. ಪ್ರತಿ ಫ್ರೇಮಿನಲ್ಲೂ ಸೂತ್ರವನ್ನು ಮೊದಲಿನಿಂದ ಹೊಸದಾಗಿ ಕೇಳಲಾಗುತ್ತದೆ, ಹಿಂದಿನ ಫ್ರೇಮಿನಲ್ಲಿ ಏನು ಹೇಳಿದೆನೆಂದು ಅದಕ್ಕೆ ತಿಳಿಯದು. ವಿಗಲ್‌ಗೆ ಗೊತ್ತಿರುವುದು ಈಗಿನ ಸಮಯ ಮತ್ತು ಈಗಿನ ವೇಗ. ಹಗ್ಗದ ಮೇಲೆ ಎಲ್ಲಿದ್ದೇನೆ ಎಂದು ಅದು ಇವೆರಡನ್ನು ಗುಣಿಸಿ ಕಂಡುಕೊಳ್ಳುತ್ತದೆ. ಬೆಂಗಳೂರಿಗೆ ಹೊರಟ ಬಸ್ಸೊಂದು ಅರ್ಧ ಗಂಟೆ ನಲವತ್ತರ ವೇಗದಲ್ಲಿ ಹೋಗಿದೆ ಎನ್ನಿ, ಇಪ್ಪತ್ತು ಕಿಲೋಮೀಟರ್. ಆ ಗಳಿಗೆಯಲ್ಲಿ ಚಾಲಕ ವೇಗವನ್ನು ಅರವತ್ತಕ್ಕೆ ಏರಿಸಿದ. ನೆನಪಿಲ್ಲದವನು ಅರವತ್ತನ್ನು ಅರ್ಧ ಗಂಟೆಯಿಂದ ಗುಣಿಸಿ "ಮೂವತ್ತು ಕಿಲೋಮೀಟರ್ ಬಂದಿದ್ದೇವೆ" ಎನ್ನುತ್ತಾನೆ, ಬಸ್ಸು ಕಣ್ಣು ಮಿಟುಕಿಸುವಷ್ಟರಲ್ಲಿ ಹತ್ತು ಕಿಲೋಮೀಟರ್ ಹಾರಿತು. ತುಣುಕು ಉದ್ದವಾದಷ್ಟೂ ಹಾರುವ ದೂರ ಹೆಚ್ಚು. ಅರವತ್ತನೇ ಸೆಕೆಂಡಿನಲ್ಲಿ ವೇಗ ಬರೀ 0.04ರಷ್ಟು ಬದಲಾದರೂ ಹಗ್ಗದ ಮೇಲೆ ಎರಡೂಕಾಲು ಗೂಟಕ್ಕಿಂತ ಹೆಚ್ಚು ದೂರ ಒಂದೇ ಫ್ರೇಮಿನಲ್ಲಿ ಜಿಗಿಯುತ್ತದೆ. ರೋಗದ ಲಕ್ಷಣವೂ ಇದರಲ್ಲೇ ಇದೆ: ವೇಗ ಬದಲಾಗುವಾಗ ಮಾತ್ರ ಅದುರಿ, ನಿಂತಾಗ ಸುಮ್ಮನಾದರೆ, ತುಣುಕಿನ ಶುರುವಿಗಿಂತ ಕೊನೆಯಲ್ಲಿ ಜೋರಾಗಿ ಅದುರಿದರೆ, ಗುಣಾಕಾರದ್ದೇ ತಪ್ಪು.

ನೆನಪಿಲ್ಲದವನಿಗೆ ದಾರಿಯನ್ನು ಹೆಜ್ಜೆ ಹೆಜ್ಜೆಯಾಗಿ ಮತ್ತೆ ಎಣಿಸಲು ಹೇಳಬಹುದು. ಹಿಂದಿನ ಒಂದೊಂದು ಫ್ರೇಮಿನಲ್ಲೂ ವೇಗ ಎಷ್ಟಿತ್ತೆಂದು `valueAtTime` ಎಂಬುದರಿಂದ ಕೇಳಿ ಕೂಡಿಸುವುದು:

```
v = effect("Vega")("Slider");
d = thisComp.frameDuration;
n = Math.round(time / d);
p = 0;
for (i = 0; i < n; i++) p += v.valueAtTime(i * d) * d;
wiggle(1, 6, 1, 0.5, p)
```

ಅದುರುವುದು ನಿಂತಿತು. ಆದರೆ ಯಂತ್ರ ಏದುಸಿರು ಬಿಡತೊಡಗಿತು. ಸೆಕೆಂಡಿಗೆ 25 ಫ್ರೇಮಿನ ಲೆಕ್ಕದಲ್ಲಿ ಹತ್ತು ಸೆಕೆಂಡಿನ ತುಣುಕಿಗೆ ಒಟ್ಟು ಸುಮಾರು 31 ಸಾವಿರ ಸಲ ವೇಗ ಕೇಳಬೇಕು. ಒಂದು ನಿಮಿಷದ್ದಕ್ಕೆ 11 ಲಕ್ಷ ದಾಟುತ್ತದೆ. ಉದ್ದ ಆರು ಪಟ್ಟಾದರೆ ಕೆಲಸ ಮೂವತ್ತಾರು ಪಟ್ಟು, ಏಕೆಂದರೆ ಪ್ರತಿ ಫ್ರೇಮೂ ತನ್ನ ಹಿಂದಿನ ದಾರಿಯನ್ನೆಲ್ಲ ಹೊಸದಾಗಿ ನಡೆಯುತ್ತದೆ. ಅಂಥಲ್ಲಿ `Convert Expression to Keyframes` ಎಂಬ ಆಜ್ಞೆಯಿಂದ ಫಲವನ್ನು ಕೀಫ್ರೇಮ್ ಮಾಡಿಟ್ಟುಬಿಡಬಹುದು. ಆಮೇಲೆ ವೇಗದ ಸ್ಲೈಡರ್ ತಿರುಗಿಸಿದರೆ ನೀರು ಕೇಳುವುದಿಲ್ಲ, ಆದ್ದರಿಂದ ಮೊದಲು ಒಂದು ನಕಲು ಎತ್ತಿಡಬೇಕು.

ನಾನು ಕೊನೆಗೆ ಇದನ್ನೂ ಬಿಟ್ಟೆ. ವಿಗಲ್‌ನ ವೇಗವನ್ನು ಕಟ್ಟಿದರೆ ತೊಂದರೆ. ಅದರ ಎತ್ತರವನ್ನು ಕಟ್ಟಿದರೆ ಯಾವ ತೊಂದರೆಯೂ ಇಲ್ಲ, ಏಕೆಂದರೆ ಎತ್ತರ ಬದಲಾದರೂ ಹಗ್ಗದ ಮೇಲಿನ ಜಾಗ ಬದಲಾಗುವುದಿಲ್ಲ. ಹಾಗಾಗಿ ನಿಧಾನದ ಒಂದು ಅಲೆ, ಚುರುಕಿನ ಒಂದು ಅಲೆ, ಎರಡರ ವೇಗವೂ ಎಂದಿಗೂ ಬದಲಾಗದಂತೆ ಇಟ್ಟು, ಯಾರ ಪಾಲು ಎಷ್ಟು ಎಂಬುದನ್ನು ಮಾತ್ರ ಸ್ಲೈಡರಿಗೆ ಬಿಟ್ಟೆ. ಸ್ಲೈಡರ್ ಈಗ ಸೊನ್ನೆಯಿಂದ ಒಂದರವರೆಗೆ:

```
v = effect("Vega")("Slider");
linear(v, 0, 1, wiggle(0.5, 6), wiggle(3, 3))
```

ಗಣಿತದಲ್ಲಿ ಇದು ಮೋಸವೇ. ನೀರು ವೇಗ ಪಡೆಯುತ್ತಿಲ್ಲ, ಒಂದು ನೀರು ಮರೆಯಾಗಿ ಇನ್ನೊಂದು ಮೂಡುತ್ತಿದೆ. ಕಣ್ಣಿಗೆ ವ್ಯತ್ಯಾಸ ತಿಳಿಯುವುದಿಲ್ಲ. ಅರ್ಧ ನಿಮಿಷದ ಚಿತ್ರಕ್ಕೆ ಇದಕ್ಕಿಂತ ಹೆಚ್ಚಿನದು ಬೇಡ ಎಂಬುದು ನನ್ನ ತೀರ್ಮಾನ.

ಚಿಕ್ಕಪ್ಪ ಈ ಸಲ ಅಲೆಯ ಬಗ್ಗೆ ಏನೂ ಹೇಳಲಿಲ್ಲ. ಬಣ್ಣದ ಬಗ್ಗೆ ಹೇಳಿದರು. "ಆಷಾಢದಲ್ಲಿ ಹೊಸ ನೀರು ಕೆಂಪಗಿರ್ತದೆ, ನಿಂದು ಇನ್ನೂ ನೀಲೀನೇ ಅದಲ್ಲ." ಬಣ್ಣವನ್ನೂ `Matta`ಕ್ಕೆ ಕಟ್ಟಲು ಕೈ ಹೋಯಿತು, ನಿಲ್ಲಿಸಿದೆ. ಕೆಂಪು ಬರುವುದು ಮಟ್ಟದಿಂದಲ್ಲ, ಕೊಡಗಿನ ಮಳೆ ಮಣ್ಣು ತೊಳೆದು ತರುವ ಒಳಹರಿವಿನಿಂದ. ತುಂಬಿದ ಕಟ್ಟೆ ಡಿಸೆಂಬರಿನಲ್ಲಿ ತಿಳಿಯಾಗಿಯೇ ಇರುತ್ತದೆ. ಒಳಹರಿವಿನ ಕ್ಯೂಸೆಕ್‌ಗೆ ಮತ್ತೊಂದು ಸ್ಲೈಡರ್ ಮಾಡಿ, ಬಣ್ಣವನ್ನೂ `Vega`ವನ್ನೂ ಅದಕ್ಕೆ ಕಟ್ಟಿದೆ. ಈಗ ದಿನಾ ಬೆಳಿಗ್ಗೆ ಪತ್ರಿಕೆ ನೋಡಿ ಮೂರು ಅಂಕಿ ಒತ್ತುತ್ತೇನೆ: ಮಟ್ಟ, ಸಂಗ್ರಹ, ಒಳಹರಿವು.